ಸರಾಸರಿ ಮುಚ್ಚಿಟ್ಟ ಹತ್ತು ಕಿಲೋಮೀಟರ್

ದೂರದ ಓಟದ ಅಭ್ಯಾಸ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಲೆಕ್ಕ ಹಾಕಿ ಹೊರಟ ವೇಗ ನಡುದಾರಿಯಲ್ಲಿ ಕೈಕೊಟ್ಟು, ಕೊನೆಯ ಕಿಲೋಮೀಟರ್‌ಗಳನ್ನು ಹೇಗೋ ಮುಗಿಸಿ ಬಂದ ಮೇಲೆ, ಮುಂದಿನ ಓಟಕ್ಕೆ ಯಾವ ವೇಗವನ್ನು ಗುರಿಯಾಗಿ ಇಟ್ಟುಕೊಳ್ಳಬೇಕು? ಬಹುತೇಕರು ಗಡಿಯಾರ ತೋರಿಸುವ ಸರಾಸರಿಯನ್ನೇ ಉತ್ತರವೆಂದು ಒಪ್ಪಿಕೊಂಡು, 'ನನ್ನ ನಿಜವಾದ ಶಕ್ತಿ ಇಷ್ಟೇ' ಎಂದು ದಿನಚರಿಯಲ್ಲಿ ಬರೆದು ಗುರಿಯನ್ನು ಕೆಳಗಿಳಿಸುತ್ತಾರೆ. ಇನ್ನು ಕೆಲವರು ಕೊನೆಯ ಐದು ಕಿಲೋಮೀಟರ್‌ಗಳ ಮೇಲೆ ತಪ್ಪು ಹೊರಿಸಿ, 'ಮುಂದಿನ ಸಲ ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು' ಎಂದು ನಿಶ್ಚಯಿಸಿ ಹಳೆಯ ಗುರಿಯನ್ನೇ ಉಳಿಸಿಕೊಳ್ಳುತ್ತಾರೆ. ಈ ಎರಡೂ ತೀರ್ಮಾನಗಳು ತಪ್ಪು ಅಂಕಿಗಳಿಂದ ಹುಟ್ಟಿದವು. ಕೆಟ್ಟ ಓಟದ ಲೆಕ್ಕವನ್ನು ಮರಳಿ ಹಾಕುವಾಗ ಮೊದಲು ನೋಡಬೇಕಾದದ್ದು ಆರಂಭದ ಹತ್ತು ಕಿಲೋಮೀಟರ್‌ಗಳನ್ನು, ಎಂದರೆ ಎಲ್ಲವೂ ಚೆನ್ನಾಗಿ ನಡೆಯುತ್ತಿದೆ ಎಂದು ತೋರಿದ ಭಾಗವನ್ನು.

ನವಿ ಮುಂಬೈಯ ಸೀವುಡ್ಸ್ ಈ ಲೆಕ್ಕವನ್ನು ಕಲಿಯಲು ತಕ್ಕ ಜಾಗ. ವಾಶಿಯಿಂದ ಬೇಲಾಪುರದವರೆಗೆ ಸಾಗುವ ಪಾಮ್ ಬೀಚ್ ರಸ್ತೆ ಇಲ್ಲಿ ಕಾಂಡ್ಲಾ ಕಾಡು ಮತ್ತು ಜೌಗು ಭೂಮಿಯ ಅಂಚಿನಲ್ಲೇ ಹಾದುಹೋಗುತ್ತದೆ. ಸಮುದ್ರಮಟ್ಟಕ್ಕೆ ಹತ್ತಿರವಿರುವ ಈ ರಸ್ತೆಯಲ್ಲಿ ಏರಿಳಿತ ಅತ್ಯಲ್ಪವಾದ್ದರಿಂದ, ವೇಗ ಕುಸಿದರೆ ದೂರಲು ಏರುದಾರಿಯೇ ಇರುವುದಿಲ್ಲ. ಮುಂಬೈ ಮ್ಯಾರಥಾನ್ ಜನವರಿಯಲ್ಲಿ ನಡೆಯುವ ಕಾರಣ ಅದಕ್ಕೆ ಸಿದ್ಧರಾಗುವವರ ದೀರ್ಘ ಓಟಗಳು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈ ರಸ್ತೆಯ ಮೇಲೆ ಬೀಳುತ್ತವೆ. ಅದೇ ತಿಂಗಳುಗಳಲ್ಲಿ ಮಳೆಗಾಲದ ತೇವ ಗಾಳಿಯಿಂದ ನಿಧಾನವಾಗಿ ಕರಗುತ್ತಿರುತ್ತದೆ. ಹೀಗೆ ದಾರಿ ಒಂದೇ ಸಮನಾಗಿದ್ದು ಗಾಳಿ ಮಾತ್ರ ವಾರದಿಂದ ವಾರಕ್ಕೆ ಬದಲಾಗುವುದರಿಂದ, ಓಟಗಾರನ ದಿನಚರಿಯಲ್ಲಿ ಗಾಳಿಯ ಪಾಲು ಎಷ್ಟು, ಓಟಗಾರನ ಪಾಲು ಎಷ್ಟು ಎಂದು ಬೇರ್ಪಡಿಸಿ ನೋಡಲು ಸಾಧ್ಯವಾಗುತ್ತದೆ.

ಮುಂದೆ ಬಿಡಿಸಿ ನೋಡುವ ದಿನಚರಿಯ ಪುಟ ಒಂದು ಮಾದರಿ. ಲೆಕ್ಕ ಸ್ಪಷ್ಟವಾಗಲೆಂದು ಅಂಕಿಗಳನ್ನು ಹೊಂದಿಸಿಕೊಳ್ಳಲಾಗಿದೆಯಾದರೂ ಅದರ ಆಕಾರ ಪ್ರತಿ ಚಳಿಗಾಲವೂ ಕಾಣಸಿಗುವಂಥದ್ದೇ. ಓಟಗಾರ ಸೀವುಡ್ಸ್‌ನಲ್ಲಿ ನೆಲೆಸಿದ, ಊರು ಬೆಂಗಳೂರಾಗಿರುವ ಉದ್ಯೋಗಸ್ಥ ಎಂದಿಟ್ಟುಕೊಳ್ಳಬಹುದು. ನವೆಂಬರ್ ಮಧ್ಯದ ಭಾನುವಾರ ಬೆಳಗಿನ ಐದೂವರೆಗೆ ಆತ ಹಾಫ್ ಮ್ಯಾರಥಾನ್ ದೂರವನ್ನು, ಅಂದರೆ 21.0975 ಕಿಲೋಮೀಟರನ್ನು, ಎರಡು ಗಂಟೆಯಲ್ಲಿ ಮುಗಿಸುವ ತಾಲೀಮಿಗೆ ಹೊರಡುತ್ತಾನೆ. ಎರಡು ಗಂಟೆಯನ್ನು ದೂರದಿಂದ ಭಾಗಿಸಿದರೆ ಪ್ರತಿ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್ ಬರುತ್ತದೆ. ಒಂದು ಕಿಲೋಮೀಟರಿಗೆ ಹಿಡಿಯುವ ಈ ಸಮಯವನ್ನೇ ಓಟಗಾರರು 'ಪೇಸ್' ಎನ್ನುತ್ತಾರೆ ಮತ್ತು 5:41 ಎಂದು ಬರೆಯುತ್ತಾರೆ. ಇಡೀ ದೂರವನ್ನು ತುಂಡುಗಳಾಗಿ ವಿಂಗಡಿಸಿ ಒಂದೊಂದು ತುಂಡಿಗೆ ಹಿಡಿದ ಸಮಯವನ್ನು ಬೇರೆ ಬೇರೆಯಾಗಿ ಗುರುತಿಸಿದರೆ ಅದು 'ಸ್ಪ್ಲಿಟ್'. ಎರಡು ಗಂಟೆಯ ಯೋಜನೆಯ ಪ್ರಕಾರ ಪ್ರತಿ ಐದು ಕಿಲೋಮೀಟರಿನ ಸ್ಪ್ಲಿಟ್ 28 ನಿಮಿಷ 26 ಸೆಕೆಂಡ್ ಆಗಬೇಕಿತ್ತು.

ಆದದ್ದು ಬೇರೆ. ಪುಟದಲ್ಲಿ ಹೀಗಿದೆ: 'ಮೊದಲ ಐದು 26:40, ನಾಡಿ 158. ಎರಡನೆಯ ಐದು 27:55, ನಾಡಿ 166. ಮೂರನೆಯದು 30:20, ನಾಡಿ 170. ನಾಲ್ಕನೆಯದು 33:10, ನಾಡಿ 169. ಉಳಿದದ್ದು 7:20. ಒಟ್ಟು 2:05:25. ಸರಾಸರಿ 5:57. ಹೊರಟಾಗ 23 ಡಿಗ್ರಿ, ಆರ್ದ್ರತೆ ಶೇ. 85. ಹದಿನಾರರ ನಂತರ ಕಾಲು ಎತ್ತಲಾಗಲಿಲ್ಲ.' ಅಂತಿಮವಾಗಿ ಗುರಿಗಿಂತ 5 ನಿಮಿಷ 25 ಸೆಕೆಂಡ್ ಹೆಚ್ಚಾಗಿದೆ.

ಈ ಪುಟದ ಅತ್ಯಂತ ನಿರುಪಯೋಗಿ ಅಂಕಿ ಎಂದರೆ 5:57 ಎಂಬ ಸರಾಸರಿ. ಆ ಬೆಳಿಗ್ಗೆ ಯಾವ ಐದು ಕಿಲೋಮೀಟರನ್ನೂ ಆ ಓಟಗಾರ 5:57ರಲ್ಲಿ ಓಡಿಲ್ಲ. ಮೊದಲ ತುಂಡಿನ ಪೇಸ್ 5:20, ಎರಡನೆಯದರದ್ದು 5:35, ಮೂರನೆಯದರದ್ದು 6:04, ನಾಲ್ಕನೆಯದರದ್ದು 6:38. ಸರಾಸರಿ ಎಂಬುದು ಅತಿವೇಗದ ಭಾಗವನ್ನೂ ಅದಕ್ಕೆ ತೆತ್ತ ದಂಡವನ್ನೂ ಒಂದೇ ಅಂಕಿಯಲ್ಲಿ ಕಲಸಿಬಿಡುವುದರಿಂದ, ಅದನ್ನು ಮುಂದಿನ ಗುರಿಯಾಗಿ ಹಿಡಿದವರು ತಮ್ಮ ತಪ್ಪಿನ ಬೆಲೆಯನ್ನೇ ತಮ್ಮ ಸಾಮರ್ಥ್ಯದ ಅಳತೆಯೆಂದು ನಂಬಿದಂತಾಗುತ್ತದೆ. ಇನ್ನೂ ದೊಡ್ಡ ತೊಂದರೆಯೆಂದರೆ ಸರಾಸರಿ ಓಟದ ನಡುವೆಯೂ ದಾರಿ ತಪ್ಪಿಸುತ್ತದೆ. ಹದಿನೈದನೆಯ ಕಿಲೋಮೀಟರ್ ಮುಗಿದಾಗ ಒಟ್ಟು ಸಮಯ 1:24:55. ಕೈಗಡಿಯಾರದ ಪರದೆಯ ಮೇಲೆ ಸರಾಸರಿ ಪೇಸ್ 5:40 ಎಂದು ಕಾಣುತ್ತಿರುತ್ತದೆ, ಅಂದರೆ ಗುರಿಗಿಂತಲೂ ಒಂದು ಸೆಕೆಂಡ್ ಮೇಲು. ಆದರೆ ಆ ಹೊತ್ತಿಗೆ ಓಟಗಾರ 6:04ಕ್ಕೆ ಇಳಿದು ಐದು ಕಿಲೋಮೀಟರ್ ಕಳೆದಿದೆ. ಓಟ ಕೆಟ್ಟು ಅರ್ಧ ಗಂಟೆಯಾಗಿದ್ದರೂ ಪರದೆ ಮಾತ್ರ ಎಲ್ಲವೂ ಸರಿಯಿದೆಯೆಂದೇ ಹೇಳುತ್ತಿರುತ್ತದೆ. ಈ ಕಾರಣಕ್ಕಾಗಿ ಓಡುವಾಗ ಪರದೆಯ ಮೇಲೆ ಒಟ್ಟು ಸರಾಸರಿಯನ್ನು ಇಟ್ಟುಕೊಳ್ಳದೆ, ನಡೆಯುತ್ತಿರುವ ಕಿಲೋಮೀಟರಿನ ಪೇಸ್ ಮತ್ತು ನಾಡಿಬಡಿತ ಇವೆರಡನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಸರಾಸರಿಯ ಬದಲು ಯೋಜನೆಗೂ ನಡೆದದ್ದಕ್ಕೂ ಇರುವ ಅಂತರವನ್ನು ಪ್ರತಿ ಐದು ಕಿಲೋಮೀಟರಿಗೆ ಗುರುತಿಸಿದರೆ ಚಿತ್ರ ತಾನಾಗಿ ತೆರೆದುಕೊಳ್ಳುತ್ತದೆ. ಐದರಲ್ಲಿ ಓಟಗಾರ 1 ನಿಮಿಷ 46 ಸೆಕೆಂಡ್ ಮುಂದಿದ್ದ. ಹತ್ತರಲ್ಲಿ 2 ನಿಮಿಷ 18 ಸೆಕೆಂಡ್ ಮುಂದಿದ್ದ. ಹದಿನೈದರಲ್ಲಿ ಆ ಮುನ್ನಡೆ 24 ಸೆಕೆಂಡಿಗೆ ಕರಗಿತ್ತು. ಇಪ್ಪತ್ತರಲ್ಲಿ 4 ನಿಮಿಷ 20 ಸೆಕೆಂಡ್ ಹಿಂದೆ ಬಿದ್ದಿದ್ದ. ಆರಂಭದಲ್ಲಿ ಸಮಯ ಉಳಿಸಿಕೊಂಡರೆ ಕೊನೆಗೆ ಬಳಸಿಕೊಳ್ಳಬಹುದು ಎಂಬ ನಂಬಿಕೆ ಓಟಗಾರರಲ್ಲಿ ಬಲವಾಗಿದೆ, ಆದರೆ ಇಲ್ಲಿ ಉಳಿಸಿದ 2 ನಿಮಿಷ 18 ಸೆಕೆಂಡಿಗೆ ಪ್ರತಿಯಾಗಿ ಮುಂದಿನ ಹನ್ನೊಂದು ಕಿಲೋಮೀಟರ್‌ಗಳಲ್ಲಿ ಕಳೆದದ್ದು 7 ನಿಮಿಷ 43 ಸೆಕೆಂಡ್. ಒಂದು ಸೆಕೆಂಡಿಗೆ ಮೂರು ಸೆಕೆಂಡಿಗೂ ಮೀರಿದ ಬಡ್ಡಿ ಇದು.

ಹಾಗಾದರೆ ಎರಡು ಗಂಟೆ ಎಂಬ ಗುರಿಯೇ ದುರಾಸೆಯದಾಗಿತ್ತೇ? ಇದನ್ನು ತೀರ್ಮಾನಿಸಲು ಆ ಗುರಿ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. ಈ ಓಟಗಾರ ಕೆಲವು ವಾರಗಳ ಹಿಂದೆ ಊರಿಗೆ ಹೋಗಿದ್ದಾಗ ಬೆಂಗಳೂರಿನಲ್ಲಿ, ಸರಿಯಾಗಿ ಅಳೆದ ದಾರಿಯಲ್ಲಿ, 10 ಕಿಲೋಮೀಟರನ್ನು ಪೂರ್ತಿ ಬಲ ಹಾಕಿ 54 ನಿಮಿಷ 30 ಸೆಕೆಂಡಿನಲ್ಲಿ ಓಡಿದ್ದ. ಒಂದು ದೂರದ ಸಮಯದಿಂದ ಇನ್ನೊಂದು ದೂರದ ಸಮಯವನ್ನು ಅಂದಾಜಿಸಲು ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ 1977ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಹೆಚ್ಚು ಬಳಕೆಯಲ್ಲಿದೆ:

```
T2 = T1 × (D2 / D1)^1.06
```

ಇಲ್ಲಿ T1 ಗೊತ್ತಿರುವ ಸಮಯ, D1 ಆ ಓಟದ ದೂರ, D2 ಗುರಿಯ ದೂರ, T2 ನಾವು ತಿಳಿಯಬೇಕಾದ ಸಮಯ. ಘಾತಾಂಕ ಬರೀ 1 ಆಗಿದ್ದರೆ ದೂರ ಎಷ್ಟೇ ಹೆಚ್ಚಿದರೂ ಪೇಸ್ ಹಾಗೆಯೇ ಉಳಿಯುತ್ತದೆ ಎಂದರ್ಥವಾಗುತ್ತಿತ್ತು. ಆ ಹೆಚ್ಚುವರಿ 0.06 ಎಂಬುದು ದೂರ ಬೆಳೆದಂತೆ ದೇಹ ನಿಧಾನವಾಗಬೇಕಾದ ಪ್ರಮಾಣವನ್ನು ಹೇಳುತ್ತದೆ. 54.5 ನಿಮಿಷವನ್ನು ಈ ಸೂತ್ರಕ್ಕೆ ಕೊಟ್ಟರೆ ಹಾಫ್ ಮ್ಯಾರಥಾನಿಗೆ 2 ಗಂಟೆ 15 ಸೆಕೆಂಡ್ ಬರುತ್ತದೆ. ಆದ್ದರಿಂದ ಗುರಿಯಲ್ಲಿ ದುರಾಸೆ ಇರಲಿಲ್ಲ. ಅದು ಆ ಓಟಗಾರನ ಶಕ್ತಿಗೆ ತಕ್ಕದ್ದೇ ಆಗಿತ್ತು. ಈಗ ದಿನಚರಿಯ ಪುಟಕ್ಕೆ ಮರಳಿ ಮೊದಲ ಎರಡು ಸ್ಪ್ಲಿಟ್‌ಗಳನ್ನು ಕೂಡಿಸಿದರೆ 54 ನಿಮಿಷ 35 ಸೆಕೆಂಡ್ ಆಗುತ್ತದೆ. ಬೆಂಗಳೂರಿನ ತಂಪಿನಲ್ಲಿ ಪೂರ್ತಿ ಬಲ ಹಾಕಿ ಓಡಿದ ಸಮಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಐದೇ ಸೆಕೆಂಡ್. ಎಂದರೆ ಓಟಗಾರ ಆ ಬೆಳಿಗ್ಗೆ ತನ್ನ ಜೀವಮಾನದ ಶ್ರೇಷ್ಠ 10 ಕಿಲೋಮೀಟರಿಗೆ ಸಮನಾದ ಸ್ಪರ್ಧೆಯೊಂದನ್ನು ಓಡಿ ಮುಗಿಸಿ, ಅದರ ಹಿಂದೆಯೇ ಇನ್ನೂ ಹನ್ನೊಂದು ಕಿಲೋಮೀಟರ್ ಓಡಲು ಹೊರಟಿದ್ದ. ಇಡೀ ಪುಟದಲ್ಲಿ ಇದಕ್ಕಿಂತ ಮುಖ್ಯವಾದ ಅಂಶವಿಲ್ಲ, ಆದರೆ ಸರಾಸರಿಯನ್ನೇ ನೋಡುವವರಿಗೆ ಇದು ಎಂದೂ ಕಣ್ಣಿಗೆ ಬೀಳುವುದಿಲ್ಲ.

ಮೊದಲ ಐದು ಕಿಲೋಮೀಟರ್ ಯೋಜನೆಗಿಂತ ಶೇ. 6ರಷ್ಟು ವೇಗವಾಗಿತ್ತು, ಆದರೂ ಆಗ ಓಟಗಾರನಿಗೆ ಅದು ಹಗುರವೆಂದೇ ಅನ್ನಿಸಿರುತ್ತದೆ, ಮತ್ತು ಅದಕ್ಕೆ ಕಾರಣಗಳಿವೆ. ತಾಲೀಮಿಗೆ ಮುಂಚಿನ ಎರಡು ದಿನ ವಿಶ್ರಾಂತಿ ಪಡೆದ ಕಾಲುಗಳು, ಕತ್ತಲೆ, ಅಕ್ಕಪಕ್ಕದಲ್ಲಿ ಬೇರೆ ಗುಂಪುಗಳ ಓಟಗಾರರು ಇವೆಲ್ಲ ಸೇರಿರುತ್ತವೆ. ಇವಕ್ಕಿಂತ ಹೆಚ್ಚಾಗಿ, ದೇಹದ ಉಷ್ಣತೆ ಮತ್ತು ನಾಡಿಬಡಿತ ವೇಗಕ್ಕೆ ತಕ್ಕಂತೆ ಏರಲು ಹಲವು ನಿಮಿಷ ತೆಗೆದುಕೊಳ್ಳುವುದರಿಂದ, ಆರಂಭದಲ್ಲಿ ಅನುಭವಕ್ಕೆ ಬರುವ ಶ್ರಮ ನಿಜವಾದ ಶ್ರಮಕ್ಕಿಂತ ಹಿಂದೆಯೇ ಉಳಿದಿರುತ್ತದೆ. ಓಡುವವರ ಸ್ನಾಯುಗಳು ಲ್ಯಾಕ್ಟೇಟ್ ಎಂಬ ವಸ್ತುವನ್ನು ಸದಾ ಉತ್ಪಾದಿಸುತ್ತಿರುತ್ತವೆ ಮತ್ತು ದೇಹ ಅದನ್ನು ಬಳಸಿ ತೀರಿಸುತ್ತಲೂ ಇರುತ್ತದೆ. ಒಂದು ವೇಗವನ್ನು ದಾಟಿದ ಮೇಲೆ ಉತ್ಪಾದನೆ ಬಳಕೆಯನ್ನು ಮೀರಿ ರಕ್ತದಲ್ಲಿ ಅದರ ಪ್ರಮಾಣ ಏರತೊಡಗುತ್ತದೆ, ಆ ಗಡಿಯನ್ನು 'ಲ್ಯಾಕ್ಟೇಟ್ ಥ್ರೆಶೋಲ್ಡ್' ಎನ್ನುತ್ತಾರೆ. ಸುಮಾರು ಒಂದು ಗಂಟೆ ಪೂರ್ತಿ ಬಲ ಹಾಕಿ ಕಾಯ್ದುಕೊಳ್ಳಬಹುದಾದ ವೇಗ ಈ ಗಡಿಗೆ ಹತ್ತಿರವಿರುತ್ತದೆ. ಈ ಓಟಗಾರನ 10 ಕಿಲೋಮೀಟರ್ ಸಮಯ ಒಂದು ಗಂಟೆಗೆ ಸಮೀಪವಾದ್ದರಿಂದ, ಆ ಪೇಸಿನ ಸುತ್ತಲೇ ಮೊದಲ ಗಂಟೆಯನ್ನು ಕಳೆದದ್ದೆಂದರೆ ಗಡಿಯ ಮೇಲೆಯೇ ಕಳೆದಂತೆ.

ಇದಕ್ಕೆ ಗಾಳಿಯ ತೇವ ಸೇರಿಕೊಳ್ಳುತ್ತದೆ. ಓಟಕ್ಕೆ ಖರ್ಚಾಗುವ ಶಕ್ತಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲರಿ. 65 ಕಿಲೋಗ್ರಾಂ ತೂಕದವರಿಗೆ ಹಾಫ್ ಮ್ಯಾರಥಾನಿನಲ್ಲಿ ಸುಮಾರು 1,370 ಕಿಲೋಕ್ಯಾಲರಿ ಖರ್ಚಾಗುತ್ತದೆ, ಮತ್ತು ಅದರ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಚಲನೆಯಾಗದೆ ಶಾಖವಾಗಿ ಹೊರಬರುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಆವಿಯಾಗದೆ ಅಂಗಿಯಿಂದ ತೊಟ್ಟಿಕ್ಕಿದ ಬೆವರು ದೇಹವನ್ನು ತಂಪು ಮಾಡದೆ ನೀರನ್ನಷ್ಟೇ ಕಳೆಯುತ್ತದೆ. 23 ಡಿಗ್ರಿ ಉಷ್ಣತೆ, ಶೇ. 85 ಆರ್ದ್ರತೆ ಎಂದರೆ ಇಬ್ಬನಿ ಬಿಂದು, ಅಂದರೆ ಗಾಳಿಯಲ್ಲಿನ ನೀರಾವಿ ಹನಿಗಟ್ಟತೊಡಗುವ ಉಷ್ಣತೆ, 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂಥ ಗಾಳಿ ಚರ್ಮದ ಬೆವರನ್ನು ನಿಧಾನವಾಗಿ ಹೀರುತ್ತದೆ. ಆಗ ಹೃದಯ ಒಂದೇ ರಕ್ತವನ್ನು ಎರಡು ಕಡೆಗೆ ಹಂಚಬೇಕಾಗುತ್ತದೆ: ಆಮ್ಲಜನಕ ಒಯ್ಯಲು ಸ್ನಾಯುಗಳಿಗೆ, ಶಾಖ ಹೊರಹಾಕಲು ಚರ್ಮಕ್ಕೆ. ಬೆವರಿನಿಂದ ರಕ್ತದ ದ್ರವಭಾಗ ಕಡಿಮೆಯಾಗುತ್ತ ಹೋದಂತೆ ಒಂದು ಬಡಿತಕ್ಕೆ ಹೊರಹೋಗುವ ರಕ್ತವೂ ಕಡಿಮೆಯಾಗಿ, ಅದೇ ಕೆಲಸಕ್ಕೆ ಹೃದಯ ಹೆಚ್ಚು ಸಲ ಬಡಿಯಬೇಕಾಗುತ್ತದೆ. ವೇಗ ಬದಲಾಗದಿದ್ದರೂ ನಾಡಿ ಮೆಲ್ಲಗೆ ಮೇಲೇರುವ ಈ ವಿದ್ಯಮಾನವನ್ನು 'ಕಾರ್ಡಿಯಾಕ್ ಡ್ರಿಫ್ಟ್' ಎಂದು ಕರೆಯುತ್ತಾರೆ. ಹೆಚ್ಚು ವೇಗದಲ್ಲಿ ಓಡುವವರು ಪ್ರತಿ ನಿಮಿಷಕ್ಕೆ ಹೆಚ್ಚು ಶಾಖ ಹುಟ್ಟಿಸುವುದರಿಂದ, ಮೊದಲ ಅರ್ಧ ಗಂಟೆಯ ಶೇ. 6ರ ಅತಿವೇಗ ಎಂದರೆ ಆ ಹೊತ್ತಿನ ಶಾಖವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚಾದಂತೆ.

ನಾಡಿಯ ಅಂಕಿಗಳು ಈ ವಿವರಣೆಯನ್ನು ಪರೀಕ್ಷಿಸಲು ನೆರವಾಗುತ್ತವೆ. ಮೂರನೆಯ ಮತ್ತು ನಾಲ್ಕನೆಯ ತುಂಡುಗಳಲ್ಲಿ ಪೇಸ್ 6:04ರಿಂದ 6:38ಕ್ಕೆ ಕುಸಿದಿದ್ದರೂ ನಾಡಿ 170ರಿಂದ 169ಕ್ಕಷ್ಟೇ ಇಳಿದಿದೆ. ಅಂದರೆ ದೇಹ ಶ್ರಮವನ್ನು ಕಡಿಮೆ ಮಾಡಿಲ್ಲ, ಅದೇ ಶ್ರಮಕ್ಕೆ ಸಿಗುವ ವೇಗ ಕಡಿಮೆಯಾಗಿದೆ. ಇದು ಶಾಖ ಮತ್ತು ಅತಿವೇಗದ ಗುರುತು. ಪೇಸಿನ ಜೊತೆಗೆ ನಾಡಿಯೂ ಇಳಿದಿದ್ದರೆ ಕಾಲಿನ ಸ್ನಾಯುಗಳು ದಣಿದಿವೆ ಅಥವಾ ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೋಜೆನ್ ಎಂಬ ಸಕ್ಕರೆಯ ರೂಪ ತೀರುತ್ತ ಬಂದಿದೆ ಎಂದು ಶಂಕಿಸಬೇಕಾಗುತ್ತಿತ್ತು. ಹಾಫ್ ಮ್ಯಾರಥಾನಿನಲ್ಲಿ ಈ ಎರಡನೆಯದು ಅಪರೂಪ. ಸ್ನಾಯು ಮತ್ತು ಯಕೃತ್ತಿನಲ್ಲಿರುವ ಶೇಖರ ಸುಮಾರು 2,000 ಕಿಲೋಕ್ಯಾಲರಿಗೆ ಸಾಲುವಷ್ಟಿರುವುದರಿಂದ ಸಾಮಾನ್ಯವಾಗಿ ಉಂಡು ಹೊರಟವರಿಗೆ 21 ಕಿಲೋಮೀಟರಿನೊಳಗೆ ಅದು ಬರಿದಾಗುವುದಿಲ್ಲ. ಆದ್ದರಿಂದ ಇಂಥ ಓಟದ ನಂತರ 'ಇನ್ನೊಂದು ಜೆಲ್ ತಿನ್ನಬೇಕಿತ್ತು' ಎಂಬ ನಿರ್ಣಯಕ್ಕೆ ಬರುವುದು ಕಾಯಿಲೆ ಒಂದು, ಮದ್ದು ಇನ್ನೊಂದು ಎಂಬಂತೆ.

ಜಗತ್ತಿನ ಅತ್ಯುತ್ತಮ ಓಟಗಾರರ ಸ್ಪ್ಲಿಟ್‌ಗಳಲ್ಲಿಯೂ ಇದೇ ನಿಯಮ ಕಾಣುತ್ತದೆ, ಆದರೆ ಅಂತರಗಳು ತೀರ ಚಿಕ್ಕವು. ಎಲಿಯುಡ್ ಕಿಪ್ಚೊಗೆ 2018ರ ಬರ್ಲಿನ್ ಮ್ಯಾರಥಾನಿನಲ್ಲಿ ಮೊದಲರ್ಧವನ್ನು 61:06ರಲ್ಲಿ, ಎರಡನೆಯರ್ಧವನ್ನು 60:33ರಲ್ಲಿ ಓಡಿ 2:01:39ರ ವಿಶ್ವದಾಖಲೆ ಮಾಡಿದರು. ಉತ್ತರಾರ್ಧ ಹೀಗೆ ಪೂರ್ವಾರ್ಧಕ್ಕಿಂತ ವೇಗವಾಗಿದ್ದರೆ ಅದನ್ನು 'ನೆಗೆಟಿವ್ ಸ್ಪ್ಲಿಟ್' ಎನ್ನುತ್ತಾರೆ. 2022ರಲ್ಲಿ ಅದೇ ಬರ್ಲಿನ್ನಿನಲ್ಲಿ ಅವರು ಮೊದಲರ್ಧವನ್ನು 59:51ಕ್ಕೆ ಮುಗಿಸಿ, ಎರಡನೆಯರ್ಧಕ್ಕೆ 61:18 ತೆಗೆದುಕೊಂಡು 2:01:09ಕ್ಕೆ ಮತ್ತೆ ದಾಖಲೆ ಮಾಡಿದರು. ಮರುವರ್ಷ ಷಿಕಾಗೋದಲ್ಲಿ ಕೆಲ್ವಿನ್ ಕಿಪ್ಟಮ್ 60:48 ಮತ್ತು 59:47ರ ಅರ್ಧಗಳಿಂದ ಅದನ್ನು 2:00:35ಕ್ಕೆ ಇಳಿಸಿದರು. 2022ರ ಕಿಪ್ಚೊಗೆಯ ಅರ್ಧಗಳ ನಡುವಿನ ವ್ಯತ್ಯಾಸ 1 ನಿಮಿಷ 27 ಸೆಕೆಂಡ್, ಅದೂ 42 ಕಿಲೋಮೀಟರಿನಲ್ಲಿ. ಮಾದರಿ ಪುಟದ ಓಟಗಾರನ ಅರ್ಧಗಳನ್ನು ಲೆಕ್ಕ ಹಾಕಿದರೆ ಸುಮಾರು 57:55 ಮತ್ತು 67:30 ಬರುತ್ತವೆ, ಅಂದರೆ ಅದರ ಅರ್ಧದಷ್ಟು ದೂರದಲ್ಲಿ ಒಂಬತ್ತೂವರೆ ನಿಮಿಷದ ವ್ಯತ್ಯಾಸ. ಇದನ್ನು ಹೋಲಿಸಿದ್ದು ಯಾರನ್ನೂ ಕೀಳುಮಾಡಲಿಕ್ಕಲ್ಲ. ಹವ್ಯಾಸಿ ಓಟಗಾರರು ಸುಧಾರಿಸಿಕೊಳ್ಳಬಹುದಾದ ಸಮಯದ ದೊಡ್ಡ ಪಾಲು ಹೊಸ ಶಕ್ತಿಯಲ್ಲಿ ಅಡಗಿಲ್ಲ, ಇರುವ ಶಕ್ತಿಯ ಹಂಚಿಕೆಯಲ್ಲಿಯೇ ಅಡಗಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಅಂಕಿ ಸಿಗುವುದು ಕಷ್ಟ.

ಈಗ ಮರುಲೆಕ್ಕ. ಮೊದಲು ಕಳೆದುಹೋದ 5 ನಿಮಿಷ 25 ಸೆಕೆಂಡಿನಲ್ಲಿ ಗಾಳಿಯ ಪಾಲನ್ನು ಬೇರ್ಪಡಿಸಬೇಕು, ಏಕೆಂದರೆ ಗುರಿಯನ್ನು ಬೆಂಗಳೂರಿನ ಗಾಳಿಯಲ್ಲಿ ನಿರ್ಧರಿಸಲಾಗಿತ್ತು, ಓಟ ನಡೆದದ್ದು ಸೀವುಡ್ಸ್‌ನ ಗಾಳಿಯಲ್ಲಿ. ಇದಕ್ಕೆ ಸಿದ್ಧಕೋಷ್ಟಕಗಳು ಸಿಗುತ್ತವೆಯಾದರೂ ಬೆವರುವ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆಯಾಗುವುದರಿಂದ ತಮ್ಮದೇ ದಿನಚರಿಯೇ ಹೆಚ್ಚು ನಂಬಿಕೆಗೆ ಅರ್ಹ. ಈ ಓಟಗಾರ ಹಗುರ ಓಟಗಳಲ್ಲಿ ನಾಡಿಯನ್ನು 140ರಲ್ಲಿ ಇಟ್ಟುಕೊಳ್ಳುವವನು. ಅದೇ ನಾಡಿಗೆ ಬೆಂಗಳೂರಿನಲ್ಲಿ ಸಿಕ್ಕ ಪೇಸ್ 6:40, ನವೆಂಬರ್‌ನಲ್ಲಿ ಸೀವುಡ್ಸ್‌ನಲ್ಲಿ ಸಿಗುತ್ತಿರುವುದು 6:48. ನಾನೂರು ಸೆಕೆಂಡಿಗೆ ಎಂಟು ಸೆಕೆಂಡ್ ಎಂದರೆ ಶೇ. 2. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ತೆಳು ಗಾಳಿಯಲ್ಲಿ ಆಮ್ಲಜನಕ ತುಸು ಕಡಿಮೆ ಸಿಗುತ್ತದೆ, ಇಲ್ಲಿನ ತೇವದ ಗಾಳಿಯಲ್ಲಿ ಶಾಖ ಹೆಚ್ಚು ಕಾಡುತ್ತದೆ; ನಾಡಿಯ ಹೋಲಿಕೆಯ ಪ್ರಯೋಜನವೆಂದರೆ ಅದು ಎರಡನ್ನೂ ಕೂಡಿಸಿ, ಕಳೆದು, ನಿವ್ವಳ ಅಂಕಿಯನ್ನೇ ಕೊಡುತ್ತದೆ. 5:41ಕ್ಕೆ ಶೇ. 2 ಸೇರಿಸಿದರೆ 5:48. ಆ ಪೇಸಿನಲ್ಲಿ ಹಾಫ್ ಮ್ಯಾರಥಾನ್ 2:02:24ಕ್ಕೆ ಮುಗಿಯುತ್ತದೆ. ಹಾಗಾಗಿ ಒಟ್ಟು ನಷ್ಟದಲ್ಲಿ 2 ನಿಮಿಷ 24 ಸೆಕೆಂಡ್ ಗಾಳಿಯದ್ದು, ಉಳಿದ 3 ನಿಮಿಷ 1 ಸೆಕೆಂಡ್ ಹಂಚಿಕೆಯ ದೋಷದ್ದು. ಮೊದಲ ಭಾಗವನ್ನು ಯಾರೂ ಅಭ್ಯಾಸದಿಂದ ಪೂರ್ತಿ ಗೆಲ್ಲಲಾಗದು, ಒಪ್ಪಿಕೊಳ್ಳಬೇಕಷ್ಟೆ. ಎರಡನೆಯದನ್ನು ಮುಂದಿನ ಭಾನುವಾರವೇ ಉಳಿಸಿಕೊಳ್ಳಬಹುದು. ಈ ವಿಭಜನೆಯಲ್ಲಿ ಸೆಕೆಂಡಿನ ಮಟ್ಟದ ನಿಖರತೆ ಇದೆಯೆಂದು ಭಾವಿಸಬಾರದು, ಏಕೆಂದರೆ ಹಗುರ ಓಟದಲ್ಲಿ ಕಂಡ ಶೇ. 2ರ ವ್ಯತ್ಯಾಸ ಬಿರುಸಾದ ಓಟದಲ್ಲಿ, ಅದರಲ್ಲೂ ಪಾರ್ಸಿಕ್ ಬೆಟ್ಟದ ಹಿಂದಿನಿಂದ ಸೂರ್ಯ ಮೇಲೆದ್ದ ನಂತರದ ಕೊನೆಯ ಭಾಗದಲ್ಲಿ, ಇನ್ನಷ್ಟು ಹೆಚ್ಚಿರಬಹುದು.

ಅದೇ ಹವೆಯಲ್ಲಿ ಅದೇ ಓಟಕ್ಕೆ ಸ್ಪ್ಲಿಟ್‌ಗಳನ್ನು ಹೊಸದಾಗಿ ಬರೆಯುವಾಗ 5:48ನ್ನು ಉದ್ದಕ್ಕೂ ಒಂದೇ ಸಮನೆ ಹರಡುವುದಕ್ಕಿಂತ, ಮೊದಲ ಐದನ್ನು ಬೇಕೆಂದೇ ನಿಧಾನವಾಗಿಡುವುದು ಜಾಣತನ; ಅನುಭವದ ಶ್ರಮ ನಿಜವಾದ ಶ್ರಮಕ್ಕಿಂತ ಹಿಂದುಳಿದಿರುವ ಅವಧಿ ಅದೇ ಆದ್ದರಿಂದ ತಪ್ಪಿಗೆ ಎಡೆಯಿರುವುದೂ ಅಲ್ಲಿಯೇ. ಮೊದಲ ಐದು 5:55ರಲ್ಲಿ ಎಂದರೆ 29:35ಕ್ಕೆ ಮುಗಿಯುತ್ತದೆ. ಆ ಮೇಲೆ 5:46ರಲ್ಲಿ ಸಾಗಿದರೆ ಹತ್ತು 58:25ಕ್ಕೆ, ಹದಿನೈದು 1:27:15ಕ್ಕೆ, ಇಪ್ಪತ್ತು 1:56:05ಕ್ಕೆ ಬಂದು, ಒಟ್ಟು 2:02:24 ಆಗುತ್ತದೆ. ಹೊಸ ಲೆಕ್ಕದ ಮೊದಲ ಐದು ಹಳೆಯ ಓಟದ ಮೊದಲ ಐದಕ್ಕಿಂತ ಮೂರು ನಿಮಿಷದಷ್ಟು ನಿಧಾನ, ಆದರೆ ಒಟ್ಟು ಫಲ ಮೂರು ನಿಮಿಷ ಬೇಗ. ಆ 29:35ನ್ನು ಓಡುವುದು ಕಾಲಿಗಿಂತ ಮನಸ್ಸಿಗೆ ಕಷ್ಟ: ಎಂದಿನ ಜೊತೆಗಾರರು ಮುಂದೆ ಹೋಗಿಬಿಡುತ್ತಾರೆ, ದೇಹ ಇನ್ನೂ ಹೆಚ್ಚು ಬೇಡುತ್ತದೆ, ಗಡಿಯಾರ ಹಿಂದುಳಿದಿದೆ ಎನ್ನುತ್ತದೆ. ಜನವರಿಯ ಸ್ಪರ್ಧೆಯ ದಿನ ಬೆಳಿಗ್ಗೆ ಗಾಳಿ ಒಣಗಿ ತಂಪಾಗಿದ್ದರೆ ಶೇ. 2ರ ಹೊರೆಯನ್ನು ತೆಗೆದು ಸೂತ್ರ ಕೊಟ್ಟ 2:00:15ಕ್ಕೆ ಮರಳಬಹುದು. ಆಗಲೂ ಮೊದಲ ಐದು 29:10ರಲ್ಲಿ, ಉಳಿದದ್ದು 5:40ರ ಸುತ್ತ. ಗುರಿಯನ್ನು 2:05ಕ್ಕೆ ಇಳಿಸಲು ನವೆಂಬರ್‌ನ ಪುಟ ಯಾವ ಆಧಾರವನ್ನೂ ಕೊಡುವುದಿಲ್ಲ.

ಓಟದ ನಡುವೆಯೇ ತಪ್ಪು ಗೊತ್ತಾದವರು ಏನು ಮಾಡಬೇಕು ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಐದನೆಯ ಕಿಲೋಮೀಟರಿನಲ್ಲಿ 26:40 ಕಂಡಾಗ ಕೇವಲ ಗಣಿತ ಹೇಳುವುದು 'ಉಳಿದದ್ದನ್ನು 5:47ರಲ್ಲಿ ಓಡಿದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ' ಎಂದು. ಗಣಿತಕ್ಕೆ ತಪ್ಪಿಲ್ಲ, ಆದರೆ ದೇಹ ಆಗಲೇ ಮಾಡಿದ ಖರ್ಚು ಅದರಲ್ಲಿ ಸೇರಿಲ್ಲ. ಅಲ್ಲಿಂದ ಎರಡು ಮೂರು ಕಿಲೋಮೀಟರ್‌ಗಳನ್ನು ಆರು ನಿಮಿಷದ ಹತ್ತಿರಕ್ಕೆ ಇಳಿಸಿ, ನಾಡಿ 160ರ ಕೆಳಗೆ ಬಂದ ಮೇಲೆ ಪೇಸನ್ನು ಮತ್ತೆ ಹಿಡಿದಿದ್ದರೆ ಮುನ್ನಡೆಯ ಬಹುಭಾಗ ಕರಗುತ್ತಿತ್ತು, ಆದರೆ ಓಟ ಉಳಿಯುವ ಸಾಧ್ಯತೆ ಇರುತ್ತಿತ್ತು. ಹತ್ತರ ನಂತರ ಈ ಉಪಾಯಕ್ಕೆ ಕಾಲ ಮೀರಿರುತ್ತದೆ.

ಮರುಲೆಕ್ಕ ಹಾಕುವವರು ಗಡಿಯಾರದ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬಬಾರದು. ಪಾಮ್ ಬೀಚ್ ರಸ್ತೆಯಲ್ಲಿ ಸಿಗ್ನಲ್‌ಗಳಿವೆ. ನಿಂತಾಗ ತಾನಾಗಿ ನಿಲ್ಲುವ ಸೌಲಭ್ಯವನ್ನು ಗಡಿಯಾರದಲ್ಲಿ ಚಾಲೂ ಇಟ್ಟರೆ ನಿಂತ ಹೊತ್ತು ಲೆಕ್ಕದಿಂದ ಮಾಯವಾಗಿ, ಆ ವಿಶ್ರಾಂತಿಯಿಂದ ಸಿಕ್ಕ ಚೇತರಿಕೆ ಮಾತ್ರ ಮುಂದಿನ ಸ್ಪ್ಲಿಟ್‌ನಲ್ಲಿ ಉಳಿದುಬಿಡುತ್ತದೆ. ಹಾಗೆಯೇ ಪ್ರಮಾಣೀಕೃತ ಸ್ಪರ್ಧೆಗಳ ದಾರಿಯನ್ನು ಓಟಗಾರರು ಹಾಯಬಹುದಾದ ಅತಿ ಹತ್ತಿರದ ರೇಖೆಯ ಮೇಲೆ, ದಾರಿ ಕಡಿಮೆಯಾಗದಿರಲೆಂದು ಸಾವಿರಕ್ಕೆ ಒಂದರಷ್ಟು ಹೆಚ್ಚಿಗೆ ಸೇರಿಸಿ ಅಳೆಯುತ್ತಾರೆ. ಜನಜಂಗುಳಿಯಲ್ಲಿ ಆ ರೇಖೆಯ ಮೇಲೆ ಓಡುವುದು ಯಾರಿಗೂ ಆಗದ ಮಾತಾದ್ದರಿಂದ ಕೈಗಡಿಯಾರ 21.3 ಕಿಲೋಮೀಟರ್ ತೋರಿಸಿದರೆ ಅಚ್ಚರಿಯಿಲ್ಲ. ಆಗ ಎರಡು ಗಂಟೆಗೆ ಗಡಿಯಾರದ ಮೇಲೆ ಕಾಣಬೇಕಾದ ಪೇಸ್ 5:41 ಅಲ್ಲ, 5:38. ಈ ಮೂರು ಸೆಕೆಂಡ್ ಅರಿಯದೆ ಕೊನೆಯಲ್ಲಿ ಒಂದು ನಿಮಿಷ ತಡವಾಗಿ ಮುಗಿಸಿದವರು ಕಡಿಮೆಯಿಲ್ಲ. ರೀಗಲ್ ಸೂತ್ರಕ್ಕೂ ಅದರ ಮಿತಿಯಿದೆ. ಹಾಫ್ ಮ್ಯಾರಥಾನಿನವರೆಗೆ ಅದು ಹವ್ಯಾಸಿಗಳಿಗೂ ಚೆನ್ನಾಗಿ ಹೊಂದುತ್ತದೆ, ಆದರೆ 2016ರಲ್ಲಿ ಪ್ರಕಟವಾದ ವಿಕರ್ಸ್ ಮತ್ತು ವರ್ಟೊಸಿಕ್ ಅವರ ಅಧ್ಯಯನದ ಪ್ರಕಾರ ಪೂರ್ಣ ಮ್ಯಾರಥಾನಿಗೆ ಅದು ಕೊಡುವ ಸಮಯ ಹವ್ಯಾಸಿಗಳಲ್ಲಿ ಅರ್ಧದಷ್ಟು ಮಂದಿಗೆ ಹತ್ತು ನಿಮಿಷ ಅಥವಾ ಅದಕ್ಕೂ ಹೆಚ್ಚು ಆಶಾವಾದಿಯಾಗಿರುತ್ತದೆ. ಸಪಾಟಾದ ಪಾಮ್ ಬೀಚ್‌ನ ಸ್ಪ್ಲಿಟ್‌ಗಳನ್ನು ಮೇಲ್ಸೇತುವೆ, ಏರುದಾರಿಗಳಿರುವ ಸ್ಪರ್ಧೆಗೆ ಹಾಗೆಯೇ ಹೊತ್ತೊಯ್ಯುವುದೂ ಸಲ್ಲದು. ಏರಿನಲ್ಲಿ ಪೇಸನ್ನು ಬಿಟ್ಟು ನಾಡಿಯನ್ನು ಹಿಡಿಯಬೇಕಾಗುತ್ತದೆ.

ಹೊಸ ಲೆಕ್ಕ ಸರಿಯೇ ಎಂದು ತಿಳಿಯಲು ಮತ್ತೊಮ್ಮೆ 21 ಕಿಲೋಮೀಟರ್ ಓಡಬೇಕಾಗಿಲ್ಲ. ಅಂಥ ತಾಲೀಮಿನ ಆಯಾಸ ಆರಲು ವಾರಕ್ಕೂ ಹೆಚ್ಚು ಬೇಕಾಗುತ್ತದೆ. ಎರಡು ವಾರ ಬಿಟ್ಟು, ಅದೇ ಐದೂವರೆಯ ಹೊತ್ತಿಗೆ, 15 ಕಿಲೋಮೀಟರ್ ಓಡಿದರೆ ಸಾಕು: ಮೊದಲ ಐದು 29:35ಕ್ಕೆ, ಮುಂದಿನ ಎರಡು ಐದುಗಳು 28:50ರಂತೆ. ಗಮನಿಸಬೇಕಾದದ್ದು ಎರಡನೆಯ ಮತ್ತು ಮೂರನೆಯ ಐದರ ನಡುವೆ ನಾಡಿ ಎಷ್ಟು ಏರಿತು ಎಂಬುದನ್ನು. ಅದೇ ಪೇಸಿಗೆ ನಾಡಿಯ ಏರಿಕೆ ಶೇ. 5ರೊಳಗೆ ಉಳಿದರೆ ಓಟಗಾರ ಆ ವೇಗಕ್ಕೆ ಸಿದ್ಧನಿದ್ದಾನೆ ಎಂಬುದು ತರಬೇತುದಾರರ ರೂಢಿಯ ಅಳತೆ. ಎರಡನೆಯ ಐದರಲ್ಲಿ 158 ಇದ್ದದ್ದು ಮೂರನೆಯದರಲ್ಲಿ 165ರೊಳಗೆ ನಿಂತರೆ 5:46 ಸರಿಯಾದ ಅಂಕಿ. ಅದು 168, 170ಕ್ಕೆ ಹೋದರೆ ಗಾಳಿಯ ಪಾಲನ್ನು ಶೇ. 2 ಎಂದು ಎಣಿಸಿದ್ದು ಸಾಲದು ಎಂದರ್ಥ. ಆಗ ಅದನ್ನು ಶೇ. 3 ಎಂದು ತೆಗೆದುಕೊಂಡು, 5:51ರ ಸರಾಸರಿಗೆ ಸ್ಪ್ಲಿಟ್‌ಗಳನ್ನು ಮತ್ತೆ ಬರೆಯಬೇಕು.